ಗುಳಿಗಪ್ಪನ ಮೂಲ ವೇತನ

ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಬೆಟ್ಟದ ಮೇಲಿನ ಜನಕ್ಕೆ ಅವನು ಗುಳಿಗಪ್ಪ. ಯಾವ ಕಾಯಿಲೆ ಹೇಳಿಕೊಂಡು ಹೋದರೂ ಮೊದಲು ಒಂದು ಗುಳಿಗೆ ಕೊಟ್ಟು, "ಇದನ್ನ ನುಂಗು, ಆಮೇಲೆ ಮಾತಾಡು" ಅನ್ನುತ್ತಿದ್ದ. ಬೆಟ್ಟದ ಆರೋಗ್ಯ ಕೇಂದ್ರಕ್ಕೆ ವೈದ್ಯರ ಹುದ್ದೆ ಮಂಜೂರಾಗಿತ್ತು, ವೈದ್ಯರು ಮಾತ್ರ ನಿಲ್ಲುತ್ತಿರಲಿಲ್ಲ. ಬಂದವರು ನೆಲದ ಮೇಲೆ ಪೆಟ್ಟಿಗೆ ಇಡುವ ಮೊದಲೇ ವರ್ಗಾವಣೆಗೆ ಅರ್ಜಿ ಬರೆಯುತ್ತಿದ್ದರು. ಹಾಗಾಗಿ ಕಾಂಪೌಂಡರ್ ಆದ ಅವನೇ ಹೊಲಿಗೆ ಹಾಕುತ್ತಿದ್ದ, ಹಲ್ಲು ಕೀಳುತ್ತಿದ್ದ, ಹೆರಿಗೆಗೆ ನಿಲ್ಲುತ್ತಿದ್ದ. ನಾನು ಅದೇ ಬೆಟ್ಟದ ಹವಾಮಾನ ಕಚೇರಿಯಲ್ಲಿ ಮಳೆ ಅಳೆಯುವವನು. ಅವನು ನನ್ನನ್ನು ಮಳೆರಾಯ ಎಂದು ಕರೆಯುತ್ತಿದ್ದ. ಇಬ್ಬರದ್ದೂ ಕೆಳಗಿನ ಪಟ್ಟಣದಲ್ಲಿ ಸಂಸಾರ, ಮೇಲೆ ಒಂದೇ ಗೋಡೆ ಹಂಚಿಕೊಂಡ ಎರಡು ಕೋಣೆ.

ಅವನು ಸತ್ತ ಮೇಲೆ ಬಹಳ ಜನ ನನ್ನನ್ನು ಕೇಳಿದ್ದಾರೆ, ಅಷ್ಟು ವರ್ಷ ಅಲ್ಲೇ ಯಾಕೆ ಕೂತಿದ್ದ, ಬೇರೆಯವರೆಲ್ಲ ಎರಡು ವರ್ಷಕ್ಕೆ ಇಳಿದು ಹೋಗುತ್ತಿದ್ದರಲ್ಲ ಎಂದು. ಸೇವೆ, ತ್ಯಾಗ ಅನ್ನುವ ಮಾತುಗಳನ್ನು ಸಂತಾಪ ಸಭೆಯಲ್ಲಿ ಆಡಿದರು. ಅವನು ಆ ಮಾತು ಕೇಳಿದ್ದರೆ ನಕ್ಕು ಕೆಮ್ಮು ಬರಿಸಿಕೊಳ್ಳುತ್ತಿದ್ದ. ಅವನು ಅಲ್ಲಿ ಕೂತದ್ದು ಭತ್ಯೆಗಾಗಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸರ್ಕಾರ ಭತ್ಯೆ ಕೊಡುವುದೇ ಜನ ಅಲ್ಲಿ ಕೂರಲಿ ಎಂದು.

ಆ ಬೆಟ್ಟ ಸರ್ಕಾರದ ದುರ್ಗಮ ಸ್ಥಳಗಳ ಪಟ್ಟಿಯಲ್ಲಿತ್ತು. ವಾಹನ ಓಡಾಡುವ ರಸ್ತೆಯಿಂದ ಇಷ್ಟು ದೂರ ಇರಬೇಕು ಅನ್ನುವ ಲೆಕ್ಕದ ಮೇಲೆ ಆ ಪಟ್ಟಿ. ಅದರಲ್ಲಿರುವ ಜಾಗದಲ್ಲಿ ಕೆಲಸ ಮಾಡುವವರಿಗೆ ಎರಡು ಭತ್ಯೆ. ಒಂದು ವಿಶೇಷ ಕರ್ತವ್ಯದ್ದು, ಮೂಲ ವೇತನದ ಮೇಲೆ ನೂರಕ್ಕೆ ಇಷ್ಟು ಎಂದು ಸಿಗುವಂಥದ್ದು. ಇನ್ನೊಂದು ದುರ್ಗಮ ಸ್ಥಳದ್ದು, ದರ್ಜೆಗೆ ತಕ್ಕಂತೆ ತಿಂಗಳಿಗೆ ಇಂತಿಷ್ಟೇ ಎಂದು ಕಟ್ಟಿದ ಮೊತ್ತ. ಜಾಗ ಬಿಟ್ಟರೆ ಎರಡೂ ಹೋಗುತ್ತವೆ. ಮೇಲಿನ ಹುದ್ದೆಗೆ ಬಡ್ತಿ ಸಿಕ್ಕಿದರೆ ಅದು ಕೆಳಗೆ, ಜಿಲ್ಲಾ ಉಗ್ರಾಣದಲ್ಲಿ. ಮೂಲ ವೇತನ ಒಂದಿಷ್ಟು ಏರುತ್ತದೆ, ಭತ್ಯೆ ಎರಡೂ ಉದುರುತ್ತವೆ, ಕೈಗೆ ಬರುವ ಹಣ ಕಡಿಮೆಯಾಗುತ್ತದೆ. ಬಡ್ತಿ ಬಂದವನ ಮನೆಯಲ್ಲಿ ಅಡುಗೆ ತೆಳುವಾಗುವ ವಿಚಿತ್ರ ನಮ್ಮ ಇಲಾಖೆಗಳಲ್ಲಿ ಮಾತ್ರ ಇದೆ. ಹಾಗಾಗಿ ಬೆಟ್ಟದವರು ಬಡ್ತಿಯನ್ನು ನಿರಾಕರಿಸುತ್ತಾರೆ. ಗುಳಿಗಪ್ಪ ಎರಡು ಸಲ ನಿರಾಕರಿಸಿದ್ದ. ಒಮ್ಮೆ ಮನೆಗೆ ತಳಪಾಯ ಹಾಕಿದ ವರ್ಷ, ಇನ್ನೊಮ್ಮೆ ಮೇಲಂತಸ್ತು ಎಬ್ಬಿಸಿದ ವರ್ಷ. ಅವನ ಕೈಕೆಳಗೆ ಬ್ಯಾಂಡೇಜು ಸುತ್ತಲು ಕಲಿತವರು ಅವನ ಮೇಲಧಿಕಾರಿಗಳಾದರು. ಅವನು ತನ್ನ ವೇತನ ಶ್ರೇಣಿಯ ತುದಿ ಮುಟ್ಟಿ, ವರ್ಷ ವರ್ಷದ ಸಂಬಳ ಏರಿಕೆಯೂ ನಿಂತು, ಬಹಳ ವರ್ಷ ಒಂದೇ ಮೂಲ ವೇತನದಲ್ಲಿ ನಿಂತಿದ್ದ.

ಆ ಮೇಲಂತಸ್ತಿನಲ್ಲಿ ಇದ್ದದ್ದು ಅವನ ಬಾಮೈದ. ಬಾಡಿಗೆ ಇಲ್ಲದೆ. ಮನೆ ಕಟ್ಟಿಸುವಾಗ ಉಸ್ತುವಾರಿ ನೋಡಿಕೊಂಡನಲ್ಲ, ಅದರ ಋಣ ತೀರಿಸುವುದು ಹೇಗೆ ಎಂದು ಅತ್ತಿಗೆ ಕೇಳುತ್ತಿದ್ದರು. ಅವನ ಹೆಂಡತಿಯನ್ನು ನಾನು ಅತ್ತಿಗೆ ಅಂತಲೇ ಕರೆಯುವುದು.

ಮೂರನೆಯ ಬಡ್ತಿ ಆದೇಶ ಬಂದಾಗ ಅವನಿಗೆ ನಿವೃತ್ತಿಗೆ ಎರಡು ವರ್ಷ ಇತ್ತು. ಈ ಸಲ ಅವನಿಗೆ ಹೋಗುವ ಆಸೆ. ಕಾರಣ ಅವನ ಎದೆ. ಕೋಣೆಯಿಂದ ಕೇಂದ್ರದ ಮೆಟ್ಟಿಲು ಹತ್ತುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದ. ಪಟ್ಟಣದ ವೈದ್ಯರು ಹೃದಯ ದೊಡ್ಡದಾಗಿದೆ, ಎತ್ತರದ ಜಾಗ ಬಿಟ್ಟು ಇಳಿಯಿರಿ ಎಂದು ಚೀಟಿ ಬರೆದುಕೊಟ್ಟಿದ್ದರು.

"ಹೃದಯ ದೊಡ್ಡದಾಗಿದೆಯಂತೆ ಮಳೆರಾಯ. ನನ್ನ ಹೆಂಡ್ತಿಗೆ ಹೇಳಿದ್ರೆ ನಂಬಲ್ಲ."

"ಈ ಸಲ ಬಡ್ತಿ ತಗೋ. ಇಳಿದುಬಿಡು."

"ಇಳೀತೀನಿ. ಆದ್ರೆ ಒಂದು ಮಾತು ಕೇಳಿ ಇಳೀತೀನಿ. ಎರಡು ವರ್ಷ ತಿಂಗಳಿಗೆ ಸ್ವಲ್ಪ ಕಮ್ಮಿ ಬರುತ್ತಲ್ಲ, ಅದು ಅವಳಿಗೆ ಗೊತ್ತಿರ್ಬೇಕು. ನೀನೂ ಬಾ. ನಿನ್ನ ಮುಂದೆ ಅವಳು ಅಷ್ಟು ಜೋರು ಮಾಡಲ್ಲ."

ನಾನು ಹೋದೆ. ಅಷ್ಟರಲ್ಲಿ ಬೆಟ್ಟಕ್ಕೆ ಹೊಸ ರಸ್ತೆ ಬಂದಿತ್ತು. ಗರ್ಭಿಣಿಯರನ್ನು ಕಂಬಳಿ ಜೋಲಿಯಲ್ಲಿ ಹೊತ್ತು ಇಳಿಸುವುದನ್ನು ನೋಡಿ ನೋಡಿ ಸಾಕಾಗಿ, ರಸ್ತೆ ಬೇಕು ಎಂದು ಊರವರ ಅರ್ಜಿಗಳನ್ನೆಲ್ಲ ಬರೆದುಕೊಟ್ಟವನು ಗುಳಿಗಪ್ಪನೇ. ಡಾಂಬರು ಇನ್ನೂ ಕಪ್ಪಗೆ ಹೊಳೆಯುತ್ತಿತ್ತು. ನಾವು ಜೀಪಿನಲ್ಲಿ ಇಳಿದೆವು. ಅವನು ಕಿಟಕಿಯಿಂದ ಹೊರಗೆ ನೋಡುತ್ತಾ, "ಮೂವತ್ತು ವರ್ಷ ನಡೆದಿದ್ದೀನಲ್ಲೋ ಇದನ್ನ. ಎಂಥ ಕತ್ತೆ ನಾನು" ಎಂದ.

ಮನೆಯಲ್ಲಿ ಊಟವಾದ ಮೇಲೆ ಅವನು ಚೀಲದಿಂದ ಅವಧಿ ಮುಗಿದ ಗುಳಿಗೆಯ ಡಬ್ಬ ತೆಗೆದು ಚಾಪೆಯ ಮೇಲೆ ಸುರಿದ. ಅವನಿಗೆ ಏನನ್ನು ವಿವರಿಸಬೇಕಾದರೂ ಗುಳಿಗೆಯೇ ಬೇಕು. ಅತ್ತಿಗೆ ಗೋಡೆಗೆ ಒರಗಿ ಕೂತರು. ಬಾಮೈದ ಮೇಲಿನಿಂದ ಹಲ್ಲು ಚುಚ್ಚಿಕೊಳ್ಳುತ್ತಾ ಇಳಿದುಬಂದ.

"ಏನು ಭಾವ, ನಮಗೆಲ್ಲಾ ಔಷಧಿನಾ?"

"ಕೂತ್ಕೊ. ನೋಡು, ಇದು ನೂರು ಗುಳಿಗೆ. ನನ್ನ ಮೂಲ ವೇತನ ಅಂದ್ಕೋ." ಅವನು ಬಿಳಿ ರಾಶಿಯನ್ನು ಅಂಗೈಯಲ್ಲಿ ಒತ್ತರಿಸಿದ. ಹೇಳುತ್ತಾ ಹೇಳುತ್ತಾ ಪಕ್ಕದಲ್ಲಿ ಒಂದೊಂದೇ ಸಣ್ಣ ರಾಶಿ ಮಾಡಿದ. "ಇದರ ಮೇಲೆ ತುಟ್ಟಿಭತ್ಯೆ ನಲವತ್ತು. ಅದು ಎಲ್ಲಿದ್ರೂ ಬರುತ್ತೆ. ಇನ್ನು ಬೆಟ್ಟದ್ದು. ವಿಶೇಷ ಕರ್ತವ್ಯ ಇಪ್ಪತ್ತು. ಅದೂ ಈ ನೂರರ ಮೇಲೇ, ನೂರಾ ನಲವತ್ತರ ಮೇಲಲ್ಲ. ದುರ್ಗಮದ್ದು ಹದಿನೈದು. ಎಲ್ಲಾ ಸೇರಿ ನೂರಾ ಎಪ್ಪತ್ತೈದು. ಈಗ ಮನೆಗೆ ಬರ್ತಿರೋದು ಇದು."

"ಬರ್ತಿರೋದು ಅಂದ್ರೆ? ಅದರಲ್ಲಿ ಅರ್ಧ ಬ್ಯಾಂಕಿಗೇ ಹೋಗುತ್ತೆ" ಎಂದರು ಅತ್ತಿಗೆ.

"ಹೌದಮ್ಮ. ಬಡ್ತಿ ತಗೊಂಡ್ರೆ ಮೂಲ ವೇತನ ನೂರಾ ಹದಿನೈದು. ಅದಕ್ಕೆ ತುಟ್ಟಿಭತ್ಯೆ ನಲವತ್ತಾರು. ನೂರಾ ಅರವತ್ತೊಂದು. ಬೆಟ್ಟದ ಎರಡೂ ಇಲ್ಲ."

"ಹದಿನಾಲ್ಕು ಕಮ್ಮಿ" ಎಂದ ಬಾಮೈದ. ಲೆಕ್ಕದಲ್ಲಿ ಅವನು ಚುರುಕು.

"ಎರಡು ವರ್ಷ ಕಮ್ಮಿ. ಆಮೇಲೆ ನೋಡು." ಗುಳಿಗಪ್ಪ ಬೆಟ್ಟದ ಎರಡು ರಾಶಿಗಳನ್ನು ಕೈಯಿಂದ ಸರಿಸಿ ಚಾಪೆಯ ಆಚೆ ತಳ್ಳಿದ. "ಪಿಂಚಣಿಗೆ ಇದು ಯಾವುದೂ ಬರಲ್ಲ. ಕೊನೇ ಮೂಲ ವೇತನದ ಅರ್ಧ ಅಷ್ಟೇ, ಅದರ ಮೇಲೆ ತುಟ್ಟಿಭತ್ಯೆ. ಬೆಟ್ಟದಲ್ಲೇ ಇದ್ರೆ ಐವತ್ತರ ಮೇಲೆ. ಇಳಿದ್ರೆ ಐವತ್ತೇಳೂವರೆ ಮೇಲೆ. ಸಾಯೋವರೆಗೂ. ಸತ್ತ ಮೇಲೆ ನಿನಗೂ ಬರುತ್ತಮ್ಮ. ಗ್ರಾಚ್ಯುಟಿನೂ ಮೂಲ ವೇತನ, ತುಟ್ಟಿಭತ್ಯೆ ಮೇಲೇನೇ. ಈ ಮೂವತ್ತೈದು ಗುಳಿಗೆ ಇದೆಯಲ್ಲ, ಇದು ನಾನು ಅಲ್ಲಿರೋವರೆಗೆ ಮಾತ್ರ. ನಾಳೆ ಇಲ್ಲ."

ಅತ್ತಿಗೆ ಚಾಪೆಯ ಆಚೆ ಬಿದ್ದ ಗುಳಿಗೆಗಳನ್ನೇ ನೋಡುತ್ತಿದ್ದರು.

"ಏಳೂವರೆ ಗುಳಿಗೆಗೋಸ್ಕರ ಎರಡು ವರ್ಷ ಹದಿನಾಲ್ಕು ಬಿಡ್ಬೇಕಾ?"

"ಎದೆಗೋಸ್ಕರನೂ."

"ಎದೆ ಎಲ್ಲರಿಗೂ ಇದೆ. ಕಂತು ಯಾರು ಕಟ್ತಾರೆ?"

ಬಾಮೈದ ನಕ್ಕ. "ಅಲ್ಲಾ ಭಾವ, ಅಲ್ಲಿ ಗಾಳಿ ಎಷ್ಟು ಚೆನ್ನಾಗಿದೆ. ಜನ ದುಡ್ಡು ಕೊಟ್ಟು ಹೋಗ್ತಾರೆ ಅಂಥ ಜಾಗಕ್ಕೆ. ನಿಮಗೆ ಸರ್ಕಾರನೇ ಎದುರು ದುಡ್ಡು ಕೊಡ್ತಿದೆ. ಈಗಂತೂ ಜೀಪೂ ಬಂತು. ಎದೆ ಹಿಡ್ಕೊಂಡ್ರೆ ಜೀಪು ಹತ್ತಿ ಬಂದುಬಿಡೋದು."

"ನೀನು ಹೋಗಿರು ಹಾಗಾದ್ರೆ" ಎಂದೆ ನಾನು.

"ನೀವು ಮಧ್ಯೆ ಬರ್ಬೇಡಿ, ಮಳೆ ಸಾಹೇಬ್ರೇ. ನಿಮ್ಮ ಇಲಾಖೆ ಬೇರೆ, ನಿಮಗೆ ಕೂತಲ್ಲೇ ಬಡ್ತಿ ಬರುತ್ತೆ" ಎಂದರು ಅತ್ತಿಗೆ. ಅದು ನಿಜವೇ ಆಗಿತ್ತು. ನಂತರ ಗಂಡನ ಕಡೆ ತಿರುಗಿದರು. "ಮೂವತ್ತು ವರ್ಷ ನೀವು ಮೇಲಿದ್ರಿ. ನಾನು ಒಬ್ಬಳೇ ಇಲ್ಲಿ ಬಾಳಿದೆ. ಅವಾಗ ಇಳೀಲಿಲ್ಲ. ಈಗ ಇಳಿದು ಏನು ಮಾಡ್ತೀರಿ? ಇಡೀ ದಿನ ಮನೇಲಿ ಕೆಮ್ತಾ ಕೂತಿರ್ತೀರಿ."

ಅವನು ಗುಳಿಗೆಗಳನ್ನು ಒಂದೊಂದಾಗಿ ಡಬ್ಬಕ್ಕೆ ತುಂಬತೊಡಗಿದ. ಬಾಮೈದ ಕಾಲಿನಿಂದ ಒಂದಿಷ್ಟನ್ನು ಅವನ ಕಡೆ ತಳ್ಳಿ, "ಇಲ್ಲೂ ಇದೆ ಭಾವ, ದುರ್ಗಮದ್ದು" ಎಂದ. ಅತ್ತಿಗೆಗೆ ನಗು ತಡೆಯಲಾಗಲಿಲ್ಲ.

ಮರುದಿನ ನಾವು ಜಿಲ್ಲಾ ಕಚೇರಿಗೆ ಹೋದೆವು. ಸಂಬಳದ ಬಿಲ್ಲು ಮಾಡುವ ಗುಮಾಸ್ತ ಕಡತಗಳ ಹಿಂದಿನಿಂದ ತಲೆ ಎತ್ತಿ, "ಏನು ಗುಳಿಗಪ್ನೋರೇ, ಈ ಸಲವಾದ್ರೂ ಇಳೀತೀರೋ ಇಲ್ವೋ?" ಎಂದ. ಗುಳಿಗಪ್ಪ ನಿರಾಕರಣೆಯ ಪತ್ರವನ್ನು ಮೇಜಿನ ಮೇಲಿಟ್ಟ. ಮನೆಯ ಕಾರಣಗಳಿಂದ ಬಡ್ತಿ ಒಲ್ಲೆ, ಒಂದು ವರ್ಷ ತನ್ನನ್ನು ಬಡ್ತಿಗೆ ಪರಿಗಣಿಸದಿದ್ದರೂ ತಕರಾರಿಲ್ಲ ಎಂದು ಅದರಲ್ಲಿತ್ತು. ಗುಮಾಸ್ತ ಅದನ್ನು ಓದಿದ. ಕೆಂಪು ದಾರ ಬಿಗಿದ ಒಂದು ಕಡತದ ಮೇಲೆ ಅವನ ಕೈ ಇತ್ತು.

"ಯೋಚನೆ ಮಾಡಿದ್ದೀರಾ?"

"ಮನೇಲಿ ಮಾಡಿದ್ದಾರೆ."

ಗುಮಾಸ್ತ ನಕ್ಕು ಸ್ವೀಕೃತಿಯ ಮುದ್ರೆ ಒತ್ತಿದ.

ಬೆಟ್ಟ ಹತ್ತುವಾಗ ಜೀಪಿನಲ್ಲಿ ಅವನು ಬಹಳ ಲವಲವಿಕೆಯಿಂದ ಮಾತಾಡಿದ. ಚಾಲಕನಿಗೆ ಪ್ರತಿ ತಿರುವಿನ ಹಳೆಯ ಹೆಸರು ಹೇಳಿದ. ಇಲ್ಲಿ ಒಬ್ಬಳಿಗೆ ಹೆರಿಗೆ ಮಾಡಿಸಿದೆ, ಇಲ್ಲಿ ಜಾರಿ ಬಿದ್ದು ಔಷಧಿಯ ಪೆಟ್ಟಿಗೆ ಕಣಿವೆಗೆ ಹೋಯಿತು, ಆ ವರ್ಷ ಕಣಿವೆಯ ಮೀನುಗಳಿಗೆಲ್ಲ ಜ್ವರ ಬಿಟ್ಟಿತು. ಚಾಲಕ ನಕ್ಕೂ ನಕ್ಕೂ ಗಾಡಿ ನಿಲ್ಲಿಸಿದ. ಗುಳಿಗಪ್ಪನ ತುಟಿ ನೀಲಿಯಾಗಿದ್ದದ್ದನ್ನು ನಾನು ನೋಡಿದೆ.

ಸುತ್ತೋಲೆ ಬಂದದ್ದು ಅದಾಗಿ ಎರಡು ತಿಂಗಳಿಗೆ. ಅಂಚೆಯವನೂ ಈಗ ಜೀಪಿನಲ್ಲೇ ಬರುತ್ತಿದ್ದ. ಸರ್ವಋತು ರಸ್ತೆ ಆಗಿರುವುದರಿಂದ ನಮ್ಮ ಬೆಟ್ಟವನ್ನು ದುರ್ಗಮ ಸ್ಥಳಗಳ ಪಟ್ಟಿಯಿಂದ ಕೈಬಿಡಲಾಗಿದೆ. ಪಟ್ಟಿಯ ಆಧಾರದ ಮೇಲೆ ಕೊಡುತ್ತಿದ್ದ ಎರಡೂ ಭತ್ಯೆಗಳು ನಿಲ್ಲುತ್ತವೆ. ಇವತ್ತಿನಿಂದಲ್ಲ, ರಸ್ತೆ ತೆರೆದ ದಿನದಿಂದ. ಆ ದಿನದಿಂದ ಈವರೆಗೆ ಪಡೆದ ಹೆಚ್ಚುವರಿ ಹಣವನ್ನು ಸಂಬಳದಲ್ಲಿ ಕಂತುಗಳಲ್ಲಿ ಹಿಡಿದುಕೊಳ್ಳತಕ್ಕದ್ದು.

ಅವನು ಅದನ್ನು ಕೇಂದ್ರದ ಬಾಗಿಲಲ್ಲಿ ನಿಂತು ಓದಿದ. ಮತ್ತೆ ಓದಿದ. ಹೊರಗೆ ಬೆಂಚಿನ ಮೇಲೆ ಒಬ್ಬ ಮುದುಕಿ ಮೊಣಕಾಲು ನೀವಿಕೊಳ್ಳುತ್ತಾ ಕಾಯುತ್ತಿದ್ದಳು.

"ಏನಪ್ಪಾ, ಯಾರು ಹೋದ್ರು?" ಎಂದು ಕೇಳಿದಳು. ಅವಳ ಪ್ರಕಾರ ಕಾಗದ ಅಂದರೆ ಸಾವಿನದ್ದೇ.

"ಯಾರೂ ಇಲ್ಲಜ್ಜಿ. ನಾವು ದುರ್ಗಮ ಅಲ್ಲವಂತೆ ಇನ್ನು ಮೇಲೆ."

"ಒಳ್ಳೇದಾಯ್ತು ಬಿಡು" ಎಂದಳು ಮುದುಕಿ. "ನನ್ನ ಮೊಣಕಾಲಿಗೆ ಏನಾದ್ರೂ ಕೊಡು."

ಅಂದರೆ, ನಾವು ಜೀಪಿನಲ್ಲಿ ಇಳಿದು ಚಾಪೆಯ ಮೇಲೆ ಗುಳಿಗೆ ಸುರಿದ ದಿನವೇ ಆ ಮೂವತ್ತೈದು ಇರಲಿಲ್ಲ. ಇಲ್ಲದ ಹಣಕ್ಕಾಗಿ ಅವನು ಬಡ್ತಿ ಬಿಟ್ಟಿದ್ದ. ಈಗ ಬರುವುದು ನೂರಾ ನಲವತ್ತು, ಅದರಲ್ಲೂ ಹಳೆಯ ಹೆಚ್ಚುವರಿಯ ಹಿಡಿತ. ಇಳಿದಿದ್ದರೆ ನೂರಾ ಅರವತ್ತೊಂದು. ನನ್ನ ಭತ್ಯೆಯೂ ಹೋಯಿತು, ಆದರೆ ನನಗೆ ತಲೆಯ ಮೇಲೆ ಸಾಲ ಇರಲಿಲ್ಲ.

ಅವನು ಮತ್ತೆ ಜಿಲ್ಲಾ ಕಚೇರಿಗೆ ಹೋದ. ನಾನೂ ಜೊತೆಗಿದ್ದೆ. ನಿರಾಕರಣೆ ವಾಪಸು ಪಡೆಯುತ್ತೇನೆ ಎಂದು ಬರೆದ ಅರ್ಜಿಯನ್ನು ಗುಮಾಸ್ತ ಕೈಗೂ ತೆಗೆದುಕೊಳ್ಳಲಿಲ್ಲ.

"ಪಟ್ಟಿಯಲ್ಲಿ ನಿಮ್ಮ ನಂತರದವರು ಒಂದು ವಾರದೊಳಗೇ ಸೇರ್ಕೊಂಡಾಯ್ತಲ್ಲ. ಕುರ್ಚಿ ಎಲ್ಲಿಂದ ತರೋದು? ಇನ್ನು ಒಂದು ವರ್ಷ ನಿಮ್ಮ ಹೆಸರು ಪಟ್ಟಿಗೆ ಬರೋ ಹಾಗಿಲ್ಲ, ನೀವೇ ಬರೆದುಕೊಟ್ಟಿದ್ದೀರಿ."

"ಈ ಸುತ್ತೋಲೆ ಬರುತ್ತೆ ಅಂತ ನಿಮಗೆ ಗೊತ್ತಿರ್ಲಿಲ್ವಾ?" ಎಂದು ಕೇಳಿದೆ.

"ಗೊತ್ತಿತ್ತು. ಕಡತ ನನ್ನ ಮೇಜಿನ ಮೇಲೇ ಇತ್ತು."

"ಮತ್ತೆ?"

"ಸಹಿ ಆಗದೆ ಇರೋ ಆದೇಶನ ಬಾಯಿಬಿಟ್ಟು ಹೇಳಿದ್ರೆ ನನ್ನ ಕೆಲಸ ಹೋಗುತ್ತೆ ಸ್ವಾಮಿ. ಯೋಚನೆ ಮಾಡಿದ್ದೀರಾ ಅಂತ ಕೇಳಿದೆನಲ್ಲ. ಅದಕ್ಕಿಂತ ಜಾಸ್ತಿ ಹೇಗೆ ಕೇಳೋದು?" ಆತ ನಿಜವಾಗಿಯೂ ನೊಂದುಕೊಂಡವನಂತೆ ಕಂಡ. "ಬೇಕಾದ್ರೆ ಹಿಡಿತದ ಕಂತು ಸಣ್ಣದು ಮಾಡ್ತೀನಿ."

ಹಾಗೆಯೇ ಮಾಡಿದ. ಸಣ್ಣ ಕಂತು ಎಂದರೆ ಹೆಚ್ಚು ತಿಂಗಳು.

ವೈದ್ಯರ ಚೀಟಿಯ ಮೇಲೆ ರಜೆ ಹಾಕಬಹುದಿತ್ತು. ಆದರೆ ಸಂಬಳ ಸಹಿತ ರಜೆಯನ್ನು ಅವನು ಮನೆ ಕಟ್ಟುವಾಗ, ಬಾಮೈದನ ಮದುವೆಯ ಓಡಾಟದಲ್ಲಿ ಬಹುಪಾಲು ಮುಗಿಸಿದ್ದ. ಉಳಿದದ್ದನ್ನೂ ಹಾಕಲು ಮನೆಯವರು ಬಿಡಲಿಲ್ಲ. ನಿವೃತ್ತಿಯ ದಿನ ಉಳಿದ ರಜೆಗೆ ಹಣ ಸಿಗುತ್ತದೆ, ಮುಟ್ಟಬೇಡಿ ಎಂದು ಅತ್ತಿಗೆ ಫೋನಿನಲ್ಲಿ ಜೋರಾಗಿ ಹೇಳಿದ್ದು ಗೋಡೆಯ ಈಚೆ ನನಗೂ ಕೇಳಿಸಿತು. ಅವನು "ಆಯ್ತು, ಆಯ್ತಮ್ಮ" ಎನ್ನುತ್ತಿದ್ದ. ಆಮೇಲೆ ಬಾಮೈದ ಫೋನು ತೆಗೆದುಕೊಂಡಿರಬೇಕು, ಯಾಕೆಂದರೆ ಗುಳಿಗಪ್ಪ ಬೇರೆ ದನಿಯಲ್ಲಿ, "ಹೌದಪ್ಪ, ರಸ್ತೆಗೆ ಅರ್ಜಿ ಬರೆದವನು ನಾನೇ. ನನ್ನ ಕೈ ಮುರೀಬೇಕಿತ್ತು. ಸರಿಯಾಗಿ ಹೇಳ್ದೆ" ಎಂದ.

ಆ ದಿನಗಳಲ್ಲಿ ಅವನಿಗೆ ನನ್ನ ಜೊತೆ ಮಾತಾಡಲೂ ಉಸಿರು ಸಾಲುತ್ತಿರಲಿಲ್ಲ. ನಾನು ಪುಸ್ತಕ ಓದಿ ಹೇಳುತ್ತಿದ್ದೆ. ಪ್ರವಾಸ ಕಥನ ಅವನಿಗೆ ಇಷ್ಟ. ಸಮುದ್ರದ ವರ್ಣನೆ ಬಂದರೆ, "ಅಲ್ಲಿ ಭತ್ಯೆ ಎಷ್ಟು ಕೇಳು" ಅನ್ನುತ್ತಿದ್ದ.

ಅವನು ಸತ್ತದ್ದು ಒಂದು ಬೆಳಿಗ್ಗೆ, ಕೇಂದ್ರದಲ್ಲಿ, ರೋಗಿಗಳ ಬೆಂಚಿನ ಮೇಲೆ ಕೂತು. ಬಾಗಿಲು ತೆರೆದು, ಸ್ಟೌ ಹಚ್ಚಿ, ಸೂಜಿ ಕುದಿಸಲು ನೀರಿಟ್ಟು, ಸ್ವಲ್ಪ ಕೂರೋಣ ಎಂದು ಕೂತಿರಬೇಕು. ಮೊಣಕಾಲಿನ ಮುದುಕಿ ಬಂದು ಅವನ ಪಕ್ಕದಲ್ಲೇ ಕೂತು, ಎದ್ದೇಳಲಿ ಎಂದು ಬಹಳ ಹೊತ್ತು ಕಾದಳು. ನೀರೆಲ್ಲ ಆವಿಯಾಗಿ ಪಾತ್ರೆ ಸುಟ್ಟ ವಾಸನೆ ನನ್ನ ಕಚೇರಿಗೆ ಬಂತು. ನಾನು ಹೋದಾಗ ಅವಳು ತುಟಿಯ ಮೇಲೆ ಬೆರಳಿಟ್ಟು, "ಮಲಗಿದ್ದಾನೆ" ಎಂದಳು.

ಜೀಪಿನಲ್ಲಿ ಇಳಿಸಿದೆವು. ಬೆಟ್ಟದ ಗಂಡಸರು ಹೊತ್ತು ಇಳಿಸುತ್ತೇವೆ ಎಂದು ಹಟ ಹಿಡಿದರು, ನಾನು ಬೇಡವೆಂದೆ. ಆ ರಸ್ತೆಯನ್ನು ಅವನು ದುಡ್ಡು ಕೊಟ್ಟು ಕೊಂಡಿದ್ದ.

ಕುಟುಂಬ ಪಿಂಚಣಿಯ ಕಾಗದಗಳಿಗೆ ಅತ್ತಿಗೆ ಜಿಲ್ಲಾ ಕಚೇರಿಗೆ ಬಂದಾಗ ಸಾಕ್ಷಿಯ ಸಹಿಗೆ ನನ್ನನ್ನು ಕರೆದರು. ಬಾಮೈದ ಜೊತೆಗೆ ಬಂದಿದ್ದ. ಗುಮಾಸ್ತ ಕುರ್ಚಿ ಒರೆಸಿ ಕೂರಿಸಿ, ನೀರು ತರಿಸಿದ.

"ಮೊದಲ ಕೆಲವು ವರ್ಷ ಮೂಲ ವೇತನದ ಅರ್ಧ ಬರುತ್ತಮ್ಮ. ಆಮೇಲೆ ನೂರಕ್ಕೆ ಮೂವತ್ತು. ಅದರ ಮೇಲೆ ತುಟ್ಟಿಭತ್ಯೆ."

"ಯಾವುದರ ಅರ್ಧ? ಮನೆಗೆ ಬರ್ತಿದ್ದದ್ದರ ಅರ್ಧ ತಾನೆ?"

"ಅಲ್ಲಮ್ಮ. ಮೂಲ ವೇತನ."

"ಬೆಟ್ಟದ್ದು?"

"ಅದು ಪಿಂಚಣಿಗೆ ಸೇರಲ್ಲ."

"ಈಗ ನಿಂತಿದೆ, ಸರಿ. ಹಿಂದೆ ಮೂವತ್ತು ವರ್ಷ ಬಂದಿತ್ತಲ್ಲ?"

"ಬಂದದ್ದು ಬಂತು, ಹೋಯ್ತು. ಅದು ಅಲ್ಲಿದ್ದದ್ದಕ್ಕೆ ಕೊಟ್ಟದ್ದು."

ಬಾಮೈದ ಮುಂದಕ್ಕೆ ಬಾಗಿದ. "ಸುತ್ತೋಲೆಗೆ ಮುಂಚೆ ಹೋಗಿದ್ರೆ ಜಾಸ್ತಿ ಬರ್ತಿತ್ತಾ ಸಾರ್?"

"ಇಲ್ಲ. ಯಾವಾಗ ಹೋಗಿದ್ರೂ ಇಷ್ಟೇ" ಎಂದ ಗುಮಾಸ್ತ. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಬಡ್ತಿ ತಗೊಂಡು ಹೋಗಿದ್ರೆ ಜಾಸ್ತಿ ಬರ್ತಿತ್ತು. ಇನ್ನೊಂದು ವಿಷಯ. ಹಿಡಿತದ ಬಾಕಿ ಇದೆಯಲ್ಲ, ಅದನ್ನ ಗ್ರಾಚ್ಯುಟಿಯಿಂದ ಒಟ್ಟಿಗೆ ಕಳೀತೀವಿ. ಒಪ್ಪಿಗೆಗೆ ಇಲ್ಲೊಂದು ಸಹಿ."

ಅತ್ತಿಗೆ ಪೆನ್ನು ಹಿಡಿದು ಬಹಳ ಹೊತ್ತು ಆ ಹಾಳೆಯನ್ನೇ ನೋಡಿದರು. ಕಣ್ಣು ತುಂಬಿತ್ತು. ಅದು ನಟನೆಯಲ್ಲ, ಅಷ್ಟು ಮಾತ್ರ ನಾನು ಹೇಳಬಲ್ಲೆ. ಆಮೇಲೆ ನನ್ನ ಕಡೆ ತಿರುಗಿ, ಇಡೀ ಕೋಣೆಗೆ ಕೇಳುವ ಹಾಗೆ ಹೇಳಿದರು.

"ನೋಡಿದ್ರಾ, ನಿಮ್ಮ ಸ್ನೇಹಿತರು ಮಾಡಿಟ್ಟು ಹೋದದ್ದು? ಒಂದು ವಿಷಯ ಮನೇಲಿ ಬಿಡಿಸಿ ಹೇಳೋ ಅಭ್ಯಾಸನೇ ಇರ್ಲಿಲ್ಲ ಅವರಿಗೆ. ಹೀಗೆ ಹೀಗೆ ಅಂತ ಒಂದು ಸಲ ಕೂರಿಸಿ ಹೇಳಿದ್ರೆ, ಬಡ್ತಿ ಬೇಡ ಅಂತಿದ್ವಾ ನಾವು?"

"ಅದೇ ಮತ್ತೆ" ಎಂದ ಬಾಮೈದ. "ಭಾವಂಗೆ ಯಾವಾಗ್ಲೂ ತಮಾಷೆನೇ."

ಗುಮಾಸ್ತ ನನ್ನ ಮುಖ ನೋಡಿದ. ನಾನು ಏನು ಹೇಳಿದ್ದರೂ ಗುಳಿಗಪ್ಪ ಎದ್ದು ಬರುತ್ತಿರಲಿಲ್ಲ. ಅತ್ತಿಗೆ ಸಹಿ ಹಾಕಿ ಹಾಳೆಯನ್ನು ನನ್ನ ಕಡೆ ಸರಿಸಿದರು. ಅವರ ಸಹಿಯ ಕೆಳಗೆ, ಇವರು ಇದನ್ನು ಓದಿ ಅರ್ಥಮಾಡಿಕೊಂಡು ಸಹಿ ಮಾಡಿದ್ದಾರೆ ಎಂಬ ಸಾಲಿನ ಮುಂದೆ ನನ್ನ ಜಾಗವಿತ್ತು. ಹಾಕಿದೆ.